ಕಾರಣ ಕೇಳದೆ ಮೀಟಿಂಗ್ ವೇಳೆ ಗೊತ್ತುಮಾಡುವುದು ಹೇಗೆ?

ತಂಡದ ಮೀಟಿಂಗ್‌ಗಳಿಗೆ ವೇಳೆ ಇಡುವ ಕೆಲಸ ನಿಮ್ಮ ಪಾಲಿಗೆ ಬಂದಿದ್ದರೆ ಈ ಇಕ್ಕಟ್ಟು ಗೊತ್ತಿರುತ್ತದೆ. ಒಬ್ಬರಿಗೆ ಉಪವಾಸ, ಇನ್ನೊಬ್ಬರಿಗೆ ಊಟದ ಹೊತ್ತು, ಮತ್ತೊಬ್ಬರು ಮಗುವನ್ನು ಡೇಕೇರ್‌ನಿಂದ ಕರೆತರಬೇಕು. ಯಾವುದಕ್ಕೂ ಅಡ್ಡ ಬರಬಾರದು. ಹಾಗಂತ ಒಬ್ಬೊಬ್ಬರ ಹತ್ತಿರ ಹೋಗಿ "ನಿಮ್ದು ಇವತ್ತು ಉಪವಾಸನಾ?", "ಮನೇಲಿ ಯಾರಿಗೆ ಹುಷಾರಿಲ್ಲ?" ಅಂತ ವಿಚಾರಿಸುವುದೂ ಸರಿಯಲ್ಲ.

ಕೇಳಿದರೆ ತಪ್ಪೇನು, ಕಾಳಜಿಯಿಂದಲೇ ತಾನೆ ಕೇಳೋದು ಅನ್ನಿಸಬಹುದು. ರಂಜಾನ್ ತಿಂಗಳನ್ನೇ ನೋಡಿ. ಮುಟ್ಟಿನ ದಿನಗಳಲ್ಲಿ ಮುಸ್ಲಿಂ ಹೆಂಗಸರು ರೋಜಾ ಇಡುವುದಿಲ್ಲ. ಬಸುರಿಯರು, ಕಾಯಿಲೆ ಇರುವವರು ಬಿಡಬಹುದು. "ನೀವು ಇವತ್ತು ರೋಜಾ ಇಲ್ವಾ?" ಎಂಬ ಪ್ರಶ್ನೆಗೆ ನಿಜ ಹೇಳಬೇಕೆಂದರೆ ಆಕೆ ತನ್ನ ಮೈಯ ವಿಷಯ ಹೇಳಬೇಕಾಗುತ್ತದೆ. ಏಕಾದಶಿ ಮಾಡುತ್ತಿದ್ದವರು ಸಕ್ಕರೆ ಕಾಯಿಲೆ ಬಂದ ಮೇಲೆ ಬಿಟ್ಟಿರಬಹುದು. ಅಪ್ಪನಿಗೆ ಮರೆವಿನ ಕಾಯಿಲೆ ಇರುವುದನ್ನು ಆಫೀಸಿನಲ್ಲಿ ಹೇಳಿಕೊಳ್ಳಲು ಇಷ್ಟವಿಲ್ಲದ ಮಗ ಇರಬಹುದು. ಹೆಸರು ನೋಡಿ ಊಹಿಸುವುದಂತೂ ಇನ್ನೂ ಕೆಟ್ಟದ್ದು. ಹೆಸರು ಮುಸ್ಲಿಂ ಎಂದ ಮಾತ್ರಕ್ಕೆ ರೋಜಾ ಇಡುತ್ತಾರೆ ಎಂದಲ್ಲ, ಶೆಟ್ಟಿ ಎಂದ ಮಾತ್ರಕ್ಕೆ ಸಂಕಷ್ಟಿ ಮಾಡುತ್ತಾರೆ ಎಂದೂ ಅಲ್ಲ.

ಆದ್ದರಿಂದ ಕೆಳಗಿನ ಕ್ರಮದಲ್ಲಿ ಎಲ್ಲೂ "ಯಾಕೆ" ಎಂಬ ಪ್ರಶ್ನೆ ಇಲ್ಲ. ನಮಗೆ ಬೇಕಾದದ್ದು ಯಾವ ಹೊತ್ತು ಆಗುವುದಿಲ್ಲ ಎಂಬುದು ಮಾತ್ರ. ಬೆಂಗಳೂರಿನಲ್ಲಿ ಬಹುಪಾಲು ಜನ, ಲಂಡನ್ನಿನಲ್ಲಿ ಒಂದಿಬ್ಬರು ಇರುವ ತಂಡವನ್ನು ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. ಇಲ್ಲಿನ ಐಟಿ ಕಂಪನಿಗಳಲ್ಲಿ ಇಂಥ ತಂಡಗಳು ಬೇಕಾದಷ್ಟಿವೆ.

ಹೆಜ್ಜೆ 1: ಯಾರನ್ನೂ ಕೇಳದೆ ಗೊತ್ತಾಗುವುದನ್ನು ಮೊದಲು ಬರೆದುಕೊಳ್ಳಿ

ಒಂದು ಹಾಳೆಯ ಮೇಲೆ ಬೆಳಿಗ್ಗೆ 8ರಿಂದ ರಾತ್ರಿ 9ರವರೆಗೆ ಅರ್ಧರ್ಧ ಗಂಟೆಯ ಮನೆಗಳನ್ನು ಹಾಕಿ. ಊರಿಗೆಲ್ಲ ಗೊತ್ತಿರುವ ಸಂಗತಿಗಳನ್ನು ಅದರಲ್ಲಿ ತುಂಬಿ. ಹೆಸರು ಮಾತ್ರ ಬರೆಯಬೇಡಿ.

ಊಟದಿಂದ ಶುರು ಮಾಡೋಣ. ನಮ್ಮ ಆಫೀಸುಗಳಲ್ಲಿ ಊಟ 12:30ರಿಂದ 2ರ ನಡುವೆ ಆಗುತ್ತದೆ. ಕ್ಯಾಂಟೀನ್ ಸಾಲು, ಮೈಕ್ರೋವೇವ್ ಮುಂದಿನ ಸಾಲು ಎಲ್ಲ ಸೇರಿದರೆ ಅರ್ಧ ಗಂಟೆ ಸಾಲುವುದಿಲ್ಲ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961 ಕೂಡ ಐದು ಗಂಟೆಗಿಂತ ಹೆಚ್ಚು ಒಂದೇ ಸಮನೆ ದುಡಿಸಬಾರದು, ನಡುವೆ ಒಂದು ಗಂಟೆ ಬಿಡುವು ಕೊಡಬೇಕು ಎನ್ನುತ್ತದೆ. ಹಾಗಾಗಿ 12:30ರಿಂದ 2ರವರೆಗೆ ಪೂರ್ತಿ ಅಡ್ಡಗೆರೆ ಎಳೆದುಬಿಡಿ. ಶುಕ್ರವಾರ ಜುಮ್ಮಾ ನಮಾಜ್ ಕೂಡ ಹೆಚ್ಚುಕಡಿಮೆ ಇದೇ ಹೊತ್ತಿಗೆ ಬರುತ್ತದೆ. ಮಸೀದಿಗೆ ಹೋಗಿಬರುವುದಕ್ಕೂ ಸಮಯ ಬೇಕಲ್ವಾ? ಅದಕ್ಕೆ ಶುಕ್ರವಾರದ ಗೆರೆಯನ್ನು 2:30ರವರೆಗೆ ಎಳೆಯಿರಿ.

ಉಪವಾಸದ ವಿಷಯದಲ್ಲಿ ಒಂದು ತಪ್ಪು ಲೆಕ್ಕ ಬಹಳ ಕಡೆ ನೋಡಿದ್ದೇನೆ. "ಅವರು ಹೇಗೂ ಊಟ ಮಾಡಲ್ಲ, ಒಂದು ಗಂಟೆಗೆ ಮೀಟಿಂಗ್ ಇಟ್ಟರಾಯಿತು" ಅನ್ನುತ್ತಾರೆ. ಉಪವಾಸ ಇರುವವರಿಗೆ ಆ ಒಂದು ಗಂಟೆ ಕಣ್ಣು ಮುಚ್ಚಿ ಕೂರಲು, ನಮಾಜಿಗೆ ಅಥವಾ ಜಪಕ್ಕೆ ಇರುವ ಬಿಡುವು. ಊಟ ತರಿಸಿ ತಿನ್ನುತ್ತ ನಡೆಸುವ ಮೀಟಿಂಗ್ ಇನ್ನೂ ಕಷ್ಟದ್ದು. ಬಿರಿಯಾನಿ ವಾಸನೆಯ ನಡುವೆ ಸುಮ್ನೆ ಕೂತವರನ್ನು ನೋಡಿ ಎಲ್ಲರೂ "ತಗೊಳ್ಳಿ, ತಗೊಳ್ಳಿ" ಅನ್ನುತ್ತಾರೆ. ಯಾರೂ ಬೇಕೆಂದು ಕೇಳದಿದ್ದರೂ ಉಪವಾಸದ ಗುಟ್ಟು ಅಲ್ಲೇ ಬಯಲಾಗುತ್ತದೆ.

ಉಪವಾಸಗಳೆಲ್ಲ ಒಂದೇ ತರಹ ಇರುವುದಿಲ್ಲ. ಮೀಟಿಂಗ್ ಇಡುವವರು ಪುರಾಣ ತಿಳಿಯಬೇಕಿಲ್ಲ, ದಿನದ ಯಾವ ಹೊತ್ತು ಬಿಗಿಯಾಗುತ್ತದೆ ಎಂಬುದನ್ನು ತಿಳಿದರೆ ಸಾಕು.

ರಂಜಾನ್‌ನಲ್ಲಿ ಬೆಳಕು ಹರಿಯುವ ಮೊದಲೇ ಸಹರಿಯ ಊಟ ಮುಗಿಯುತ್ತದೆ. ಅದಕ್ಕೆ ಎದ್ದವರು ಆಮೇಲೆ ಸ್ವಲ್ಪ ಮಲಗುತ್ತಾರೆ, ಆದ್ದರಿಂದ 8-9 ಗಂಟೆಯ ಕರೆ ಭಾರ. 10ರಿಂದ 12 ಚೆನ್ನಾದ ಹೊತ್ತು. 4ರ ಮೇಲೆ ಮೈ ಬಳಲುತ್ತದೆ. ಸಂಜೆ ಸೂರ್ಯ ಮುಳುಗುವಾಗ ಇಫ್ತಾರ್. ಫೆಬ್ರವರಿ ಕೊನೆ, ಮಾರ್ಚ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಅದು ಸುಮಾರು ಆರೂವರೆಗೆ. ಆ ಹೊತ್ತಿಗೆ ಮನೆಯಲ್ಲಿರಬೇಕೆಂದರೆ ನಮ್ಮ ಟ್ರಾಫಿಕ್ಕಿನಲ್ಲಿ 5ಕ್ಕೆ ಆಫೀಸು ಬಿಡಬೇಕು. ಅಂದರೆ 6ಕ್ಕೆ ಮುಗಿಯುವ ಮೀಟಿಂಗ್ ಕೂಡ ತಡವೇ.

ಏಕಾದಶಿ ತಿಂಗಳಿಗೆ ಎರಡು ಸಲ ಬರುತ್ತದೆ. ಅಂದು ಮಧ್ಯಾಹ್ನದ ಮೇಲೆ ಸುಸ್ತು. ಮರುದಿನ ದ್ವಾದಶಿ ಬೆಳಿಗ್ಗೆ ಉಪವಾಸ ಮುರಿಯುವ ಪಾರಣೆ ಇರುತ್ತದೆ, ಮಾಧ್ವರ ಮನೆಗಳಲ್ಲಿ ಅದಕ್ಕೆ ಪಂಚಾಂಗದ ಪ್ರಕಾರ ಹೊತ್ತು ಗೊತ್ತಾಗಿರುತ್ತದೆ. ಹಾಗಾಗಿ ದ್ವಾದಶಿಯಂದು 8:30ಕ್ಕೆ ಮೀಟಿಂಗ್ ಇಡುವುದು ಬೇಡ. ಸ್ಮಾರ್ತರ ಏಕಾದಶಿ, ವೈಷ್ಣವರ ಏಕಾದಶಿ ಕೆಲವು ಸಲ ಒಂದು ದಿನ ಆಚೀಚೆ ಆಗುತ್ತವೆ ಎಂಬುದೂ ನೆನಪಿರಲಿ. ಸಂಕಷ್ಟಿಯಲ್ಲಿ ಚಂದ್ರ ಕಂಡ ಮೇಲೆ ಊಟ, ಅಂದರೆ ರಾತ್ರಿ ಎಂಟೂವರೆ, ಒಂಬತ್ತು ಅಥವಾ ಅದಕ್ಕೂ ತಡ. ಅಂದು ರಾತ್ರಿಯ ಕರೆ ಬೇಡ. ಜೈನರಲ್ಲಿ ಅನೇಕರು ಉಪವಾಸ ಇಲ್ಲದ ದಿನವೂ ಸೂರ್ಯ ಮುಳುಗುವ ಮೊದಲು ಊಟ ಮುಗಿಸುತ್ತಾರೆ. ಚಾತುರ್ಮಾಸದಲ್ಲಿ ಇದನ್ನು ಪಾಲಿಸುವವರು ಜಾಸ್ತಿ. ಅವರಿಗೆ 5:30ರಿಂದ 6:30 ಅಂದರೆ ರಾತ್ರಿಯ ಊಟದ ಹೊತ್ತು.

ಈಗ ಹಾಳೆಯನ್ನು ನೋಡಿ. ಇಫ್ತಾರ್, ಜೈನರ ಊಟ, ಡೇಕೇರ್ ಮುಚ್ಚುವ ಹೊತ್ತು, ಮನೆಯಲ್ಲಿ ದೀಪ ಹಚ್ಚುವ ಹೊತ್ತು ಎಲ್ಲ ಬಂದು ಕೂತಿರುವುದು ಸಂಜೆ 5ರಿಂದ 7ರ ನಡುವೆ. ಆ ಎರಡು ಗಂಟೆ ಬಿಟ್ಟುಬಿಟ್ಟರೆ ಯಾರು ಯಾಕೆ ಬೇಡ ಅನ್ನುತ್ತಾರೆ ಎಂದು ತಿಳಿಯುವ ಅಗತ್ಯವೇ ಬೀಳುವುದಿಲ್ಲ. ಇದನ್ನು ರಂಜಾನ್‌ಗೆ ಮಾತ್ರ ಮಾಡಿದರೆ ತಂಡದ ಒಬ್ಬರ ಮೇಲೆ ಎಲ್ಲರ ಕಣ್ಣು ಬೀಳುತ್ತದೆ. ವರ್ಷವಿಡೀ ಮಾಡಿದರೆ ಅದು ತಂಡದ ಪದ್ಧತಿ ಆಗುತ್ತದೆ.

ಹೆಜ್ಜೆ 2: ಎಲ್ಲರಿಗೂ ಒಂದೇ ಪ್ರಶ್ನೆ, ಕಾರಣಕ್ಕೆ ಜಾಗವಿಲ್ಲ

ಊಹೆಗೆ ಸಿಗದ ಸಂಗತಿಗಳು ಇನ್ನೂ ಇರುತ್ತವೆ. ಅದಕ್ಕೆ ಒಂದು ಚಿಕ್ಕ ಫಾರ್ಮ್ ಮಾಡಿ. ಮೂರು ತಿಂಗಳಿಗೊಮ್ಮೆ ತಂಡದ ಎಲ್ಲರಿಗೂ, ಮ್ಯಾನೇಜರ್‌ಗೂ ಸೇರಿ ಕಳಿಸಿ. ಕಷ್ಟ ಇರಬಹುದು ಅನ್ನಿಸಿದವರಿಗೆ ಮಾತ್ರ ಕಳಿಸಿದರೆ ಆ ಕಳಿಸುವುದೇ ಒಂದು ಪ್ರಶ್ನೆ ಕೇಳಿದಂತೆ.

ಫಾರ್ಮಿನಲ್ಲಿ ವಾರದ ಐದು ದಿನ, ಅರ್ಧರ್ಧ ಗಂಟೆಯ ಸಾಲುಗಳು. ಪ್ರತಿ ಸಾಲಿಗೂ ಮೂರೇ ಉತ್ತರ: ಆಗುತ್ತದೆ, ಕಷ್ಟವಾದರೂ ಆಗುತ್ತದೆ, ಆಗುವುದಿಲ್ಲ. ಕೆಳಗೆ ಒಂದು ಖಾಲಿ ಜಾಗ ಕೊಟ್ಟು "ಈ ಮೂರು ತಿಂಗಳಲ್ಲಿ ಮೀಟಿಂಗ್ ಬೇಡವಾದ ತಾರೀಖುಗಳು" ಎಂದು ಬರೆಯಿರಿ. ಅಷ್ಟೇ. "ಕಾರಣ" ಎಂಬ ಕಾಲಮ್ ಬೇಡ, "ಇತರ ವಿವರ" ಕೂಡ ಬೇಡ. ಐಚ್ಛಿಕ ಎಂದು ಬರೆದರೂ ಜನ ಅದನ್ನು ತುಂಬಲೇಬೇಕು ಎಂದುಕೊಳ್ಳುತ್ತಾರೆ. ಖಾಲಿ ಬಿಟ್ಟವರು ಏನೋ ಮುಚ್ಚಿಡುತ್ತಿದ್ದಾರೆ ಅನ್ನಿಸತೊಡಗುತ್ತದೆ.

ಜೊತೆಗೆ ಕಳಿಸುವ ಸಂದೇಶ ಹೀಗಿದ್ದರೆ ಸಾಕು:

"ಎಲ್ಲರಿಗೂ ನಮಸ್ಕಾರ. ಮುಂದಿನ ಮೂರು ತಿಂಗಳ ಮೀಟಿಂಗ್ ವೇಳೆಗಳನ್ನು ಗೊತ್ತುಮಾಡುತ್ತಿದ್ದೇನೆ. ನಿಮಗೆ ಆಗದ ಹೊತ್ತುಗಳನ್ನು ಗುರುವಾರದೊಳಗೆ ಗುರುತು ಮಾಡಿ. ಕಾರಣ ಹೇಳಬೇಕಿಲ್ಲ. ಉತ್ತರಗಳನ್ನು ನಾನೊಬ್ಬನೇ ನೋಡುತ್ತೇನೆ, ವೇಳೆ ಗೊತ್ತಾದ ಮೇಲೆ ಅಳಿಸುತ್ತೇನೆ."

ಕೊನೆಯ ಸಾಲು ಬರೆದ ಮೇಲೆ ಹಾಗೇ ನಡೆದುಕೊಳ್ಳಬೇಕು. ಇಲ್ಲಿ ಜನ ಎಡವುವುದು ಉಪಕರಣದಲ್ಲಿ. ಎಲ್ಲರಿಗೂ ತೆರೆದಿರುವ ಶೀಟ್ ಹಂಚಿ "ನಿಮ್ಮ ಹೆಸರಿನ ಮುಂದೆ ತುಂಬಿ" ಅಂದರೆ ಯಾರು ಯಾವ ಹೊತ್ತಿಗೆ ಬೇಡ ಅಂದರು ಎಂಬುದು ಎಲ್ಲರಿಗೂ ಕಾಣುತ್ತದೆ. ಸಂಜೆ 6:30 ಒಂದನ್ನೇ, ಅದೂ ಒಂದು ತಿಂಗಳು ಮಾತ್ರ ಬೇಡ ಅಂದವರ ಬಗ್ಗೆ ಬೇರೇನೂ ಹೇಳಬೇಕಿಲ್ಲ. ವಾಟ್ಸಾಪ್ ಗುಂಪಿನ ಪೋಲ್‌ಗೂ ಇದೇ ತೊಂದರೆ, ಯಾರು ಏನು ಒತ್ತಿದರು ಎಂದು ತೋರಿಸುತ್ತದೆ. ಗೂಗಲ್ ಫಾರ್ಮ್ ಬಳಸಿದರೆ `View results summary` ಆಫ್ ಆಗಿದೆಯೇ ನೋಡಿಕೊಳ್ಳಿ.

ಹೆಜ್ಜೆ 3: ಮುಗಿಯುವ ಹೊತ್ತಿನಿಂದ ಲೆಕ್ಕ ಹಾಕಿ

ಮನೆಯಲ್ಲಿ ಮಕ್ಕಳನ್ನೋ ಹಿರಿಯರನ್ನೋ ನೋಡಿಕೊಳ್ಳುವವರ ಕಷ್ಟ ಉಪವಾಸದವರದ್ದಕ್ಕಿಂತ ಬೇರೆ. ಹಸಿದವರು ಹತ್ತು ನಿಮಿಷ ತಡವಾದರೆ ತಡೆದುಕೊಳ್ಳಬಹುದು. ಶಾಲೆಯ ವ್ಯಾನ್ ತಡೆದುಕೊಳ್ಳುವುದಿಲ್ಲ. 3:30ಕ್ಕೆ ಗೇಟಿನ ಮುಂದೆ ಮಗುವನ್ನು ಇಳಿಸುತ್ತದೆ, ಅಲ್ಲಿ ಒಬ್ಬರು ನಿಂತಿರಲೇಬೇಕು. ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುವ ಆಯಾ ರಾತ್ರಿ 8ಕ್ಕೆ ಹೊರಡುತ್ತಾರೆ, ಮುಂದಿನವರು ಬರುವ ತನಕ ಮನೆಯವರೇ ಇರಬೇಕು. ಇವರನ್ನು ಸಿಕ್ಕಿಸುವುದು ಮೀಟಿಂಗ್ ಶುರುವಾಗುವ ಹೊತ್ತಲ್ಲ. ಅದು ಎಳೆದುಕೊಂಡು ಹೋಗುವುದು.

ಹಾಗಾಗಿ ವೇಳೆ ಹುಡುಕುವಾಗ "ಎಷ್ಟಕ್ಕೆ ಶುರು" ಎಂದು ನೋಡುವ ಬದಲು "ಎಷ್ಟಕ್ಕೆ ಏಳಲೇಬೇಕು" ಎಂದು ನೋಡಿ, ಅಲ್ಲಿಂದ ಹಿಂದಕ್ಕೆ ಬನ್ನಿ. ಅಡ್ಡಗೆರೆಗೂ ಮೀಟಿಂಗ್ ಮುಗಿಯುವುದಕ್ಕೂ ನಡುವೆ ಕಾಲು ಗಂಟೆ ಇರಲಿ. ಗೂಗಲ್ ಕ್ಯಾಲೆಂಡರ್‌ನಲ್ಲಿ `Speedy meetings` ಎಂಬ ಸೆಟ್ಟಿಂಗ್ ಇದೆ. ಅದನ್ನು ಹಾಕಿದರೆ ಅರ್ಧ ಗಂಟೆಯದು 25 ನಿಮಿಷಕ್ಕೆ, ಒಂದು ಗಂಟೆಯದು 50 ನಿಮಿಷಕ್ಕೆ ಇಳಿಯುತ್ತದೆ. ಅದಕ್ಕಿಂತ ಮುಖ್ಯವಾದದ್ದು ವಿಷಯಗಳ ಕ್ರಮ. ನಿರ್ಧಾರ ಬೇಕಾದ ವಿಷಯಗಳನ್ನು ಮೊದಲ 20 ನಿಮಿಷಕ್ಕೆ ತನ್ನಿ, ಬರೀ ತಿಳಿಸುವಂಥದ್ದನ್ನು ಕೊನೆಗೆ ಇಡಿ. ಎದ್ದುಹೋಗಬೇಕಾದವರು ಹೋದರೂ ಅವರ ಮಾತು ಆಗಿರುತ್ತದೆ.

ಹಾಲುಣಿಸುವ ತಾಯಂದಿರ ವಿಷಯದಲ್ಲಂತೂ ಕೇಳುವ ಮಾತೇ ಇಲ್ಲ. ಮಗುವಿಗೆ 15 ತಿಂಗಳು ತುಂಬುವವರೆಗೆ ದಿನಕ್ಕೆ ಎರಡು ಬಿಡುವು ಕಾನೂನಿನಿಂದಲೇ ಬಂದಿದೆ. 50 ಅಥವಾ ಹೆಚ್ಚು ಜನರಿರುವ ಕಡೆ ಶಿಶುವಿಹಾರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿಬರಬಹುದು ಎಂದೂ ಕಾನೂನು ಹೇಳುತ್ತದೆ. ಕ್ಯಾಲೆಂಡರ್‌ನಲ್ಲಿ ಆಕೆ ಗುರುತು ಹಾಕಿದ ಆ ಮನೆಗಳನ್ನು ಊಟದ ಹೊತ್ತಿನಂತೆಯೇ ಮುಟ್ಟಬೇಡಿ.

ಇನ್ನೊಂದು ಮಾತು. ಮದುವೆ ಆಗದವರಿಗೆ, ಮಕ್ಕಳಿಲ್ಲದವರಿಗೆ ಯಾವ ಹೊತ್ತಾದರೂ ಆಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ರಾತ್ರಿಯ ಕರೆಗಳೆಲ್ಲ "ನಿನಗೇನಪ್ಪ, ಒಬ್ಬನೇ ತಾನೆ" ಎನ್ನಿಸಿಕೊಂಡವನ ತಲೆಗೇ ಬರುತ್ತವೆ. ಡಯಾಲಿಸಿಸ್‌ಗೆ ಅಮ್ಮನನ್ನು ಕರೆದೊಯ್ಯುವವನು ಅವನೇ ಆಗಿರಬಹುದು. ಫಾರ್ಮ್ ಎಲ್ಲರಿಗೂ ಹೋಗಬೇಕು ಅಂದದ್ದು ಇದಕ್ಕೇ.

ಒಂದು ತಂಡದ ಲೆಕ್ಕ ಮಾಡಿ ನೋಡೋಣ

ಒಂಬತ್ತು ಜನರ ತಂಡ ಅಂತ ಇಟ್ಟುಕೊಳ್ಳಿ. ಏಳು ಜನ ಬೆಂಗಳೂರಿನಲ್ಲಿ, ಇಬ್ಬರು ಲಂಡನ್ನಿನಲ್ಲಿ. ಬುಧವಾರ ಸಂಜೆ 6ರಿಂದ 7ಕ್ಕೆ ವಾರದ ರಿವ್ಯೂ. 2026ರ ಫೆಬ್ರವರಿ ಮೊದಲ ವಾರದಲ್ಲಿ ಅದನ್ನು ಬದಲಿಸಲು ಕೂತಿದ್ದೀರಿ.

ಚಳಿಗಾಲದಲ್ಲಿ ಲಂಡನ್ ನಮಗಿಂತ ಐದೂವರೆ ಗಂಟೆ ಹಿಂದೆ. ಇಲ್ಲಿ ಸಂಜೆ 6 ಅಂದರೆ ಅಲ್ಲಿ ಮಧ್ಯಾಹ್ನ 12:30. ಅಂದರೆ ಈ ಮೀಟಿಂಗ್ ಇಲ್ಲಿನವರ ಸಂಜೆಯನ್ನೂ ಅಲ್ಲಿನವರ ಊಟವನ್ನೂ ಒಟ್ಟಿಗೆ ತಿನ್ನುತ್ತಿದೆ. ಎರಡೂ ಕಡೆಯವರು "ಆ ಕಡೆಯವರಿಗೆ ಅನುಕೂಲ ಇರಬೇಕು" ಎಂದುಕೊಂಡು ಸುಮ್ಮನಿರುತ್ತಾರೆ. ಇಂಥ ಮೀಟಿಂಗ್‌ಗಳು ವರ್ಷಗಟ್ಟಲೆ ಹೀಗೇ ನಡೆಯುವುದುಂಟು.

ಫಾರ್ಮ್ ವಾಪಸ್ ಬಂತು. 5:00ರ ನಂತರ ನಾಲ್ವರಿಗೆ ಆಗುವುದಿಲ್ಲ. ಯಾಕೆಂದು ಗೊತ್ತಿಲ್ಲ, ಗೊತ್ತಾಗಬೇಕಿಲ್ಲ. 3:00ರಿಂದ 4:00 ಇಬ್ಬರಿಗೆ ಆಗುವುದಿಲ್ಲ. ಲಂಡನ್ನಿನ ಒಬ್ಬರಿಗೆ ಅಲ್ಲಿನ 9:30ರ ಮುಂಚೆ ಆಗುವುದಿಲ್ಲ.

ಲಂಡನ್ನಿನ 9:30 ಅಂದರೆ ನಮ್ಮ 3:00. ಅದಕ್ಕಿಂತ ಮುಂಚಿನದೆಲ್ಲ ಹೋಯಿತು. 3ರಿಂದ 4 ಕೂಡ ಹೋಯಿತು. 5ರ ನಂತರದ್ದೂ ಹೋಯಿತು. ಉಳಿದದ್ದು 4:00ರಿಂದ 5:00. ಕಾಲು ಗಂಟೆ ಬಿಟ್ಟರೆ 4:00ರಿಂದ 4:45, ಲಂಡನ್ನಿನಲ್ಲಿ 10:30ರಿಂದ 11:15. ಒಂದು ಗಂಟೆಯ ರಿವ್ಯೂ 45 ನಿಮಿಷಕ್ಕೆ ಇಳಿಯಬೇಕು. ಬರೀ ಸ್ಥಿತಿಗತಿ ಹೇಳುವ ಭಾಗವನ್ನು ಹಿಂದಿನ ದಿನ ಬರಹದಲ್ಲಿ ಕಳಿಸಿದರೆ ಅದು ಆಗುತ್ತದೆ. ಉಪವಾಸ ಇರುವವರಿಗೆ 4 ಗಂಟೆ ಬಳಲಿಕೆಯ ಹೊತ್ತು ಎಂಬುದು ನಿಜ. ಆದ್ದರಿಂದ ತಲೆ ಕೆಡಿಸಿಕೊಂಡು ಯೋಚಿಸಬೇಕಾದ ಡಿಸೈನ್ ಚರ್ಚೆಯನ್ನು ಇದಕ್ಕೆ ಸೇರಿಸದೆ, ಬೆಂಗಳೂರಿನವರಷ್ಟೇ ಸೇರಿ ಬೆಳಿಗ್ಗೆ 11ಕ್ಕೆ ಮಾಡುವುದು ಒಳ್ಳೆಯದು.

ಇನ್ನೊಂದು ಬಲೆ ಉಳಿದಿದೆ. 2026ರ ಮಾರ್ಚ್ 29ರಂದು ಬ್ರಿಟನ್ನಿನಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಮೀಟಿಂಗ್ ಅನ್ನು ಲಂಡನ್ ಸಮಯದಲ್ಲಿ ಹಾಕಿದ್ದರೆ ಅಲ್ಲಿ 10:30 ಹಾಗೇ ಉಳಿದು, ಇಲ್ಲಿ 3:00ಕ್ಕೆ ಬಂದು ಕೂರುತ್ತದೆ. ಇಬ್ಬರು ಆಗುವುದಿಲ್ಲ ಅಂದ ಹೊತ್ತೇ ಅದು. ಭಾರತದ ಸಮಯದಲ್ಲಿ ಹಾಕಿದ್ದರೆ ಇಲ್ಲಿ 4:00 ಹಾಗೇ ಇರುತ್ತದೆ, ಅಲ್ಲಿ 11:30ರಿಂದ 12:15 ಆಗುತ್ತದೆ. 12:30ಕ್ಕೆ ಉಣ್ಣುವವರಿಗೆ ತೊಂದರೆಯಿಲ್ಲ. ಹಾಗಾಗಿ ಈ ತಂಡದ ಮೀಟಿಂಗ್ ಹಾಕುವಾಗ `Time zone` ಒತ್ತಿ ಭಾರತದ ಸಮಯವನ್ನೇ ಆರಿಸಬೇಕು. ಅಕ್ಟೋಬರ್ 25ಕ್ಕೆ ಅಲ್ಲಿನ ಗಡಿಯಾರ ಹಿಂದಕ್ಕೆ ಬರುತ್ತದೆ. ಅಮೆರಿಕದವರೂ ಇದ್ದರೆ ಅವರ ತಾರೀಖುಗಳೇ ಬೇರೆ, ಮಾರ್ಚ್ 8 ಮತ್ತು ನವೆಂಬರ್ 1. ನಡುವಿನ ಕೆಲವು ವಾರ ಎಲ್ಲರ ಲೆಕ್ಕವೂ ತಪ್ಪುತ್ತದೆ. ಆ ವಾರಗಳಲ್ಲಿ ಹಾಳೆಯನ್ನು ಮತ್ತೊಮ್ಮೆ ನೋಡಿ.

ಹೆಜ್ಜೆ 4: ತಿಳಿಸುವಾಗ ಯಾರ ಕಡೆಗೂ ಬೆರಳು ತೋರಿಸಬೇಡಿ

"ನಮ್ಮ ತಂಡದಲ್ಲಿ ಕೆಲವರು ರೋಜಾ ಇರುವುದರಿಂದ ಮೀಟಿಂಗ್ ಬದಲಾಗಿದೆ" ಎಂದು ಬರೆದರೆ ಇಷ್ಟೂ ಹೊತ್ತು ಪಟ್ಟ ಶ್ರಮ ದಂಡ. ಒಂಬತ್ತು ಜನರಲ್ಲಿ "ಕೆಲವರು" ಯಾರೆಂದು ಎಲ್ಲರಿಗೂ ಗೊತ್ತು. "ಬುಧವಾರದ ರಿವ್ಯೂ ಇನ್ನು ಮುಂದೆ 4:00ರಿಂದ 4:45. ಸ್ಥಿತಿಗತಿ ವರದಿ ಮಂಗಳವಾರ ಸಂಜೆಯೊಳಗೆ ಬರಲಿ." ಇಷ್ಟಕ್ಕೇ ನಿಲ್ಲಿಸಿ. ಯಾರಾದರೂ ಯಾಕೆ ಬದಲಾಯಿತು ಎಂದರೆ "ಫಾರ್ಮಿನಲ್ಲಿ ಎಲ್ಲರಿಗೂ ಆದ ಹೊತ್ತು ಇದೊಂದೇ" ಅನ್ನಿ. ಅದು ನಿಜವೂ ಹೌದು.

ಯಾರಾದರೂ ತಾವಾಗಿ ಬಂದು "ನಾನು ಏಕಾದಶಿ ಮಾಡ್ತೀನಿ, ಮಧ್ಯಾಹ್ನ ಸ್ವಲ್ಪ ಕಷ್ಟ" ಅಂದರೆ "ಸರಿ ಮೇಡಂ, ಆ ದಿನ ಬೆಳಿಗ್ಗೆ ಇಡೋಣ" ಅಂದರೆ ಸಾಕು. ನೀರೂ ಕುಡಿಯಲ್ವಾ, ಎಷ್ಟು ವರ್ಷದಿಂದ, ಯಾವ ಮಠ ಎಂಬ ವಿಚಾರಣೆ ಬೇಡ. ಮುಂದಿನ ಏಕಾದಶಿಗೆ ನೀವಾಗಿ "ಇವತ್ತು ಉಪವಾಸ ಅಲ್ವಾ?" ಎಂದು ನೆನಪಿಸುವುದೂ ಬೇಡ. ಅವರು ಆ ಸಲ ಮಾಡಿರದೆ ಇರಬಹುದು.

ತಂಡದವರಿಗೆ ತಮ್ಮ ಕ್ಯಾಲೆಂಡರ್‌ನಲ್ಲಿ ಹೊತ್ತು ಹಿಡಿದಿಡಲು ಹೇಳಿಕೊಡಿ. ಹೆಸರು "ಬ್ಯುಸಿ" ಎಂದಷ್ಟೇ ಇರಲಿ. ಗೂಗಲ್‌ನಲ್ಲಾದರೆ ಗೋಚರತೆಯನ್ನು `Private` ಮಾಡಬೇಕು, ಔಟ್‌ಲುಕ್‌ನಲ್ಲೂ `Private` ಎಂಬ ಗುರುತು ಇದೆ. ಇದನ್ನು ಮ್ಯಾನೇಜರ್ ಮೊದಲು ಮಾಡಬೇಕು. ಅವರ ಕ್ಯಾಲೆಂಡರ್‌ನಲ್ಲಿ ಕಾರಣವಿಲ್ಲದ "ಬ್ಯುಸಿ" ಕಂಡರೆ ಉಳಿದವರಿಗೂ ಧೈರ್ಯ ಬರುತ್ತದೆ.

ಹೆಜ್ಜೆ 5: ತಾರೀಖುಗಳನ್ನು ಮೊದಲೇ ಗುರುತು ಮಾಡಿ, ಒಂದು ದಿನದ ಸಡಿಲ ಬಿಡಿ

ರಂಜಾನ್ ಪ್ರತಿ ವರ್ಷ ಹತ್ತು-ಹನ್ನೊಂದು ದಿನ ಮುಂಚೆ ಬರುತ್ತದೆ. 2026ರಲ್ಲಿ ಫೆಬ್ರವರಿ 18-19ರ ಹೊತ್ತಿಗೆ ಶುರು, 2027ರಲ್ಲಿ ಅದೇ ತಿಂಗಳ 8ರ ಸುಮಾರಿಗೆ. ಕ್ರೈಸ್ತರ ತಪಸ್ಸು ಕಾಲದ ಮೊದಲ ದಿನವಾದ ಬೂದಿ ಬುಧವಾರವೂ 2026ರಲ್ಲಿ ಫೆಬ್ರವರಿ 18ಕ್ಕೇ ಬಂದಿದೆ, ಶುಭ ಶುಕ್ರವಾರ ಏಪ್ರಿಲ್ 3ಕ್ಕೆ. ಈದ್ ಚಂದ್ರ ಕಂಡ ಮೇಲೆ ಗೊತ್ತಾಗುವ ಹಬ್ಬ. ಮಂಗಳೂರು, ಉಡುಪಿ ಕಡೆ ಈದ್ ಬೆಂಗಳೂರಿಗಿಂತ ಒಂದು ದಿನ ಮೊದಲು ಆಗುವುದು ಅಪರೂಪವಲ್ಲ. ಆದ್ದರಿಂದ ಹಬ್ಬದ ಸುತ್ತ ಎರಡು ದಿನ ದೊಡ್ಡ ಮೀಟಿಂಗ್ ಇಡಬೇಡಿ. "ನಿಮಗೆ ಈದ್ ನಾಳೆನಾ ನಾಡಿದ್ದಾ?" ಎಂದು ಯಾರನ್ನೂ ಕೇಳುವ ಪ್ರಸಂಗವೇ ಬರುವುದಿಲ್ಲ. ಈ ತಾರೀಖುಗಳನ್ನು ನಿಮ್ಮ ಒಬ್ಬರ ಕ್ಯಾಲೆಂಡರ್‌ನಲ್ಲಿ ಹಾಕಿಕೊಂಡರೆ ಸಾಕು. ಗೂಗಲ್‌ನ `Browse calendars of interest` ಒಳಗೆ ಧರ್ಮವಾರು ಹಬ್ಬಗಳ ಪಟ್ಟಿ ಸಿಗುತ್ತದೆ. ಏಕಾದಶಿ, ಸಂಕಷ್ಟಿಗೆ ಮನೆಯ ಗೋಡೆಯ ಮೇಲಿನ ಕ್ಯಾಲೆಂಡರೇ ವಾಸಿ.

ಸರಿಹೋಗಿಲ್ಲ ಎಂದು ಗೊತ್ತಾಗುವುದು ಹೇಗೆ

ಯಾರೂ ಬಂದು ದೂರು ಹೇಳುವುದಿಲ್ಲ. ಕುರುಹುಗಳನ್ನು ನೀವೇ ನೋಡಬೇಕು. ಒಬ್ಬರೇ ಪ್ರತಿ ಸಲ ರಸ್ತೆಯಿಂದ, ಹಾರ್ನ್ ಸದ್ದಿನ ನಡುವೆ ಸೇರುತ್ತಾರೆ. ಕೊನೆಯ ಹತ್ತು ನಿಮಿಷ ಕ್ಯಾಮೆರಾ ಆಫ್ ಆಗುತ್ತದೆ. ಮಾತಾಡುತ್ತಿದ್ದವರು ಒಂದು ತಿಂಗಳು ಮೌನವಾಗುತ್ತಾರೆ. ಆಗ ಅವರನ್ನು ಪಕ್ಕಕ್ಕೆ ಕರೆದು "ಏನಾದರೂ ತೊಂದರೆನಾ?" ಎನ್ನಬೇಡಿ. ಮೂರು ತಿಂಗಳು ಕಾಯದೆ ಫಾರ್ಮನ್ನು ಮತ್ತೊಮ್ಮೆ ಎಲ್ಲರಿಗೂ ಕಳಿಸಿ. ಫಾರ್ಮಿನಲ್ಲಿ ಎಲ್ಲರೂ ಎಲ್ಲ ಹೊತ್ತಿಗೂ "ಆಗುತ್ತದೆ" ಎಂದು ತುಂಬಿದ್ದರೆ ಅದು ಒಪ್ಪಿಗೆಯಲ್ಲ, ಹೆದರಿಕೆ. ಉತ್ತರ ನೋಡುವವರು ಅಪ್ರೈಸಲ್ ಬರೆಯುವ ಮ್ಯಾನೇಜರ್ ಆಗಿದ್ದರೆ ಹೀಗಾಗುತ್ತದೆ. ಫಾರ್ಮನ್ನು ಬೇರೆಯವರ ಕೈಗೆ ಕೊಡಿ.

ಎಲ್ಲರಿಗೂ ಆಗುವ ಹೊತ್ತು ಸಿಗದೆ ಹೋಗುವುದೂ ಉಂಟು. ಅಮೆರಿಕದ ಪಶ್ಚಿಮ ಕರಾವಳಿಯ ಕ್ಲೈಂಟ್ ಇದ್ದರೆ ಅವರ ಬೆಳಿಗ್ಗೆ ಅಂದರೆ ನಮ್ಮ ರಾತ್ರಿ, ಅದನ್ನು ತಿದ್ದಲು ಆಗುವುದಿಲ್ಲ. ಆಗ "ಆಗುವುದಿಲ್ಲ" ಎಂಬುದನ್ನು ಮೊದಲು ಉಳಿಸಿ, "ಕಷ್ಟವಾದರೂ ಆಗುತ್ತದೆ" ಎಂದವರ ನಡುವೆ ಸರದಿ ಹಾಕಿ. ಒಂದು ವಾರ ಇಬ್ಬರು, ಮುಂದಿನ ವಾರ ಬೇರೆ ಇಬ್ಬರು. ಬರದವರಿಗೆ ರೆಕಾರ್ಡಿಂಗ್ ಜೊತೆ ಅರ್ಧ ಪುಟದ ಟಿಪ್ಪಣಿ ಹೋಗಲಿ, ನಿರ್ಧಾರಕ್ಕೆ ಆಕ್ಷೇಪ ಹೇಳಲು ಮರುದಿನ ಮಧ್ಯಾಹ್ನದವರೆಗೆ ಸಮಯ ಇರಲಿ. ಸರ್ವರ್ ಬಿದ್ದಾಗ ಈ ಲೆಕ್ಕವೆಲ್ಲ ನಡೆಯುವುದಿಲ್ಲ. ಅದಕ್ಕೆ ಆನ್-ಕಾಲ್ ಪಟ್ಟಿ ಬೇರೆ ಇರಬೇಕು, ಯಾವ ವಾರ ಬೇಡ ಎಂಬುದನ್ನು ಅಲ್ಲೂ ಕಾರಣ ಹೇಳದೆ ಬದಲಾಯಿಸಿಕೊಳ್ಳಲು ಬಿಡಬೇಕು.